ಗದರದೆ, ಗಟ್ಟಿಯಾಗಿ: ಮಾಲು ತಡವಾದಾಗ ಬರೆಯುವ ಪತ್ರ

"ಏಪ್ರಿಲ್ 28ಕ್ಕೆ ಮಾಲು ಕೊಡ್ತೀನಿ ಅಂದಿದ್ರಿ. ಎಂಟು ದಿನ ಆಯ್ತು. ಅಡ್ವಾನ್ಸ್ ತಗೊಂಡು ಸುಮ್ನೆ ಕೂತಿದ್ದೀರಿ, ಫೋನ್ ಎತ್ತಲ್ಲ. ನಿಮ್ಮಂಥವರ ಜೊತೆ ವ್ಯವಹಾರ ಮಾಡಿದ್ದೇ ನಮ್ಮ ತಪ್ಪು. ನಾಳೆ ಸಂಜೆಯೊಳಗೆ ಅಷ್ಟೂ ಮಾಲು ಬರಬೇಕು. ಇಲ್ಲಾಂದ್ರೆ ಕೋರ್ಟಲ್ಲಿ ನೋಡ್ಕೋತೀನಿ."

ಸಣ್ಣ ಉದ್ಯಮ ನಡೆಸುವ ಯಾರಿಗೂ ಈ ಸಂದೇಶ ಹೊಸದಲ್ಲ. ಬರೆದವರ ಸಂಕಟ ನಿಜ. ಹಣ ಹೋಗಿದೆ, ಮಾಲು ಬಂದಿಲ್ಲ, ಮುಂದಿನ ಗಿರಾಕಿಗೆ ಉತ್ತರ ಕೊಡಬೇಕಾದವರು ಇವರೇ. ಆದರೂ ಈ ಸಂದೇಶ ಅವರ ಕೆಲಸ ಕೆಡಿಸುತ್ತದೆ. ಬೈಸಿಕೊಂಡ ವ್ಯಾಪಾರಿ ಆ ಹೊತ್ತಿನ ಬೈಗುಳ ತಪ್ಪಿಸಿಕೊಳ್ಳಲು "ನಾಳೆ ಲಾರಿಗೆ ಹಾಕ್ತೀನಿ" ಎಂದುಬಿಡುತ್ತಾನೆ. ನಾಳೆ ಲಾರಿ ಹೊರಡುವುದಿಲ್ಲ. ಸಿಟ್ಟಿನ ಪತ್ರಕ್ಕೆ ಸಿಗುವ ಉತ್ತರ ಹೆಚ್ಚಿನ ಸಲ ಒಂದು ಸುಳ್ಳು ದಿನಾಂಕ. ಕೊಳ್ಳುವವರಿಗೆ ಬೇಕಾದದ್ದು ನಿಜವಾದ ದಿನಾಂಕ, ಅದು ಕಹಿಯಾಗಿದ್ದರೂ ಸರಿ. ಅದನ್ನು ಹೊರತೆಗೆಯಲು ಮಾತು ಮೆತ್ತಗಿರಬೇಕು, ಲೆಕ್ಕ ಗಟ್ಟಿಯಾಗಿರಬೇಕು, ಎರಡೂ ಬರಹದಲ್ಲಿರಬೇಕು.

ಒಂದು ಉದಾಹರಣೆ ಹಿಡಿದುಕೊಂಡೇ ನೋಡೋಣ. ದಾವಣಗೆರೆಯಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಒಂದು ಪುಟ್ಟ ಘಟಕವಿದೆ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಚಿಕ್ಕಪೇಟೆಯ ಸಗಟು ಬಟ್ಟೆ ವ್ಯಾಪಾರಿಯಿಂದ 1,500 ಮೀಟರ್ ಚೆಕ್ಸ್ ಬಟ್ಟೆಗೆ ಏಪ್ರಿಲ್ 6ರಂದು ಆರ್ಡರ್ ಹೋಗಿದೆ. ಮೀಟರಿಗೆ 120 ರೂಪಾಯಿಯಂತೆ, ತೆರಿಗೆ ಬಿಟ್ಟು, ಒಟ್ಟು 1,80,000 ರೂಪಾಯಿ. ಅದರಲ್ಲಿ 54,000 ಅಡ್ವಾನ್ಸ್ ಕೊಟ್ಟಾಗಿದೆ. ಏಪ್ರಿಲ್ 28ರೊಳಗೆ ಬಟ್ಟೆ ತಲುಪಬೇಕಿತ್ತು. ಮೇ 2ರಂದು 500 ಮೀಟರ್ ಬಂತು, ಉಳಿದ 1,000 ಮೀಟರಿನ ಸುದ್ದಿಯಿಲ್ಲ. ಇವತ್ತು ಮೇ 6. ಅಂಗಿಗಳನ್ನು ಮೇ 27ಕ್ಕೆ ಶಾಲೆಗೆ ಒಪ್ಪಿಸಬೇಕು.

ಮೊದಲು ಲೆಕ್ಕ, ಆಮೇಲೆ ಪತ್ರ

ಮೇಲಿನ ಸಿಟ್ಟಿನ ಸಂದೇಶವನ್ನು ಇನ್ನೊಮ್ಮೆ ಓದಿ. ಯಾವ ಆರ್ಡರ್, ಎಷ್ಟು ಮೀಟರ್, ಎಷ್ಟು ಬಂದಿದೆ, ಎಷ್ಟು ಬಾಕಿ, ಯಾವುದೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಭಾಗ ವ್ಯಾಪಾರಿಯ ಗುಣದ ವಿಚಾರ. ಕೊನೆಯಲ್ಲೊಂದು ಬೇಡಿಕೆ ಇದೆ: ನಾಳೆ ಸಂಜೆಯೊಳಗೆ ಅಷ್ಟೂ ಮಾಲು. ಸಾವಿರ ಮೀಟರ್ ನಾಳೆ ಸಂಜೆಯೊಳಗೆ ಬರುವುದಿಲ್ಲ ಎಂದು ಬರೆದವರಿಗೂ ಗೊತ್ತು, ಓದಿದವರಿಗೂ ಗೊತ್ತು. ಆಗದ ಬೇಡಿಕೆ ಗಟ್ಟಿ ಬೇಡಿಕೆಯಲ್ಲ. ಅದನ್ನು ಮೀರಿದ್ದಕ್ಕೆ ಏನೂ ಆಗಲಿಲ್ಲವೆಂದರೆ ಮುಂದಿನ ಬೇಡಿಕೆಗೂ ಬೆಲೆ ಇರುವುದಿಲ್ಲ.

ಹಾಗಾದರೆ ಘಟಕಕ್ಕೆ ನಿಜವಾಗಿ ಬೇಕಾದದ್ದೇನು? ಒಂದು ಅಂಗಿಗೆ ಸರಾಸರಿ ಒಂದೂಕಾಲು ಮೀಟರ್ ಹಿಡಿದರೆ 1,500 ಮೀಟರಿಗೆ 1,200 ಅಂಗಿ. ದಿನಕ್ಕೆ 60 ಅಂಗಿ ಮುಗಿಸುವ ಘಟಕಕ್ಕೆ ಇದು 20 ದಿನದ ಕೆಲಸ. ಮೊದಲ 500 ಮೀಟರ್ ಶನಿವಾರ, ಮೇ 2ರಂದು ಬಂತು. ಸೋಮವಾರ, ಮೇ 4ರಿಂದ ಹೊಲಿಗೆ ಶುರುವಾಯಿತು. ಮೇ 4ರಿಂದ 26ರವರೆಗೆ ಭಾನುವಾರ ಕಳೆದರೆ ಸಿಗುವುದು ಸರಿಯಾಗಿ 20 ದಿನ. ಅಂದರೆ ಯಂತ್ರಗಳು ಒಂದು ದಿನವೂ ನಿಲ್ಲುವಂತಿಲ್ಲ.

ಇನ್ನೂ ಸ್ವಲ್ಪ ಮುಂದೆ ಹೋಗೋಣ. 500 ಮೀಟರಿನಿಂದ 400 ಅಂಗಿ, ಸುಮಾರು ಏಳು ದಿನದ ಕೆಲಸ. ಕೈಯಲ್ಲಿರುವ ಬಟ್ಟೆ ಮೇ 11ರ ಸೋಮವಾರ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಕತ್ತರಿಸಿ ಇಟ್ಟುಕೊಳ್ಳಬೇಕಾದ್ದರಿಂದ ಮುಂದಿನ ಕಂತು ಅದಕ್ಕೆ ಮೊದಲಿನ ಶನಿವಾರ, ಮೇ 9ರೊಳಗೆ ಬರಲೇಬೇಕು. ಆದರೆ ಆ ಕಂತು 500 ಮೀಟರ್ ಇದ್ದರೆ ಸಾಕು, ಮೇ 19ರ ಬೆಳಿಗ್ಗೆಯವರೆಗೆ ಯಂತ್ರ ಓಡುತ್ತದೆ. ಕೊನೆಯ 500 ಮೀಟರ್ ಮೇ 16ರ ಶನಿವಾರ ಬಂದರೂ ನಡೆಯುತ್ತದೆ.

ಸಿಟ್ಟು ಕೇಳಿದ್ದು ನಾಳೆಯೊಳಗೆ ಸಾವಿರ ಮೀಟರ್. ಲೆಕ್ಕ ಕೇಳುತ್ತಿರುವುದು 9ರೊಳಗೆ ಐನೂರು, 16ರೊಳಗೆ ಐನೂರು. ಈ ಬೇಡಿಕೆ ಚಿಕ್ಕದು, ಆದರೆ ಇದರಲ್ಲಿ ಜಗ್ಗಲು ಜಾಗವಿಲ್ಲ. ವ್ಯಾಪಾರಿಗೂ ಇದು ಕೈಗೆಟುಕುವಂಥದ್ದು. ಪೂರ್ತಿ ಮಾಲು ಹೊಂದಿಸಲಾಗದವನು ಅರ್ಧವನ್ನಾದರೂ ಹೊಂದಿಸಬಲ್ಲ. ಪತ್ರ ಮೃದುವಾಗುವುದು ಇಲ್ಲಿಂದಲೇ, ಪದಗಳನ್ನು ಆರಿಸುವ ಮೊದಲೇ.

ಮೆತ್ತಗಾಗಬೇಕಾದದ್ದು, ಆಗಬಾರದ್ದು

ಮೃದುಗೊಳಿಸುವುದೆಂದರೆ ಎಲ್ಲವನ್ನೂ ನೀರು ಮಾಡುವುದಲ್ಲ. ಒಂದು ದೂರಿನಲ್ಲಿ ಎರಡು ಬಗೆಯ ಮಾತಿರುತ್ತದೆ. ಒಂದು ಮನುಷ್ಯನ ಬಗ್ಗೆ: ಅವನ ಉದ್ದೇಶ, ನಿಯತ್ತು, ಅವನ ಮೇಲಿನ ನಮ್ಮ ಬೇಸರ. ಇನ್ನೊಂದು ಮಾಲಿನ ಬಗ್ಗೆ: ದಿನಾಂಕ, ಪ್ರಮಾಣ, ಹಣ, ಮುಂದೇನು ಎಂಬುದು. ಮೊದಲನೆಯದರಲ್ಲಿ ಎಷ್ಟು ಬೇಕಾದರೂ ಸಡಿಲಾಗಬಹುದು, ಅದನ್ನು ಪೂರ್ತಿ ಬಿಟ್ಟರೂ ನಷ್ಟವಿಲ್ಲ. ಎರಡನೆಯದರಲ್ಲಿ ಒಂದು ಅಂಕಿಯೂ ಅಲುಗಬಾರದು.

ನಮ್ಮ ಭಾಷೆ ಇದಕ್ಕೆ ಒಳ್ಳೆಯ ಅನುಕೂಲ ಮಾಡಿಕೊಟ್ಟಿದೆ. "ನೀವು ಇನ್ನೂ ಕಳಿಸಿಲ್ಲ" ಎಂದರೆ ಬೆರಳು ವ್ಯಾಪಾರಿಯ ಕಡೆ ತಿರುಗುತ್ತದೆ. "1,000 ಮೀಟರ್ ಇನ್ನೂ ಬಂದಿಲ್ಲ" ಎಂದರೆ ಅದೇ ಸಂಗತಿ, ಬೆರಳಿಲ್ಲ. "ಫೋನ್ ಎತ್ತಲ್ಲ" ಎಂಬುದು ಜಗಳ. "ಮೇ 4 ಮತ್ತು 5ರಂದು ಮಾಡಿದ ಕರೆಗಳಿಗೆ ಉತ್ತರ ಸಿಗಲಿಲ್ಲ" ಎಂಬುದು ದಾಖಲೆ, ಮತ್ತು ಹೆಚ್ಚು ಬಲವಾದದ್ದು. "ಅಡ್ವಾನ್ಸ್ ತಗೊಂಡು ಕೂತಿದ್ದೀರಿ" ಎಂಬ ಜಾಗಕ್ಕೆ "ಅಡ್ವಾನ್ಸ್ 54,000 ರೂಪಾಯಿ ಏಪ್ರಿಲ್ 8ರಂದು ಸಂದಾಯವಾಗಿದೆ" ಎಂದು ಹಾಕಿ ನೋಡಿ. ಓದುವವನು ಮುಖ ತಿರುಗಿಸಲು ನೆಪವಿಲ್ಲ, ಅಲ್ಲಗಳೆಯಲು ದಾರಿಯೂ ಇಲ್ಲ. "ಮೋಸ" ಎಂಬ ಮಾತನ್ನಂತೂ ಬರೆಯಲೇಬಾರದು. ಆ ಒಂದು ಮಾತು ಬಂದ ಮೇಲೆ ಚರ್ಚೆ ತಡದ ಬಗ್ಗೆ ಉಳಿಯುವುದಿಲ್ಲ, ಅವಮಾನದ ಬಗ್ಗೆ ಶುರುವಾಗುತ್ತದೆ.

ಇದಕ್ಕೆ ಎದುರಿನ ಅಪಾಯವೂ ಇದೆ, ನಮ್ಮ ಜನರಲ್ಲಿ ಅದೇ ಹೆಚ್ಚು. ಕಟುವಾಗಬಾರದೆಂದು ಹೊರಟವರು ಸಂಕೋಚಕ್ಕೆ ಬಿದ್ದು ಕೈಯಲ್ಲಿದ್ದದ್ದನ್ನೇ ಬಿಟ್ಟುಕೊಡುತ್ತಾರೆ. "ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಪರವಾಗಿಲ್ಲ", "ನಿಮ್ಮ ಅನುಕೂಲ ನೋಡಿ ಕಳಿಸಿ", "ಆದಷ್ಟು ಬೇಗ ಮಾಡಿಕೊಡಿ" ಎಂದೆಲ್ಲ ಬರೆಯುತ್ತಾರೆ. ಮಾತಿನಲ್ಲಿ ಇವು ಬರೀ ಮರ್ಯಾದೆ. ಬರಹದಲ್ಲಿ ಇವು ಒಪ್ಪಿಗೆ. ಏಪ್ರಿಲ್ 28 ಎಂಬ ದಿನಾಂಕವನ್ನು ನೀವೇ ಅಳಿಸಿ, ಆ ಜಾಗದಲ್ಲಿ ಯಾವ ದಿನಾಂಕವನ್ನೂ ಬರೆಯದೆ ಬಿಟ್ಟಂತೆ ಆಗುತ್ತದೆ. ಮುಂದೆ ವಿವಾದವಾದರೆ "ಅವರೇ ಪರವಾಗಿಲ್ಲ ಅಂದಿದ್ದರು" ಎಂದು ಅದೇ ಸಂದೇಶವನ್ನು ಎದುರಿಗಿಡುತ್ತಾರೆ. ಸೌಜನ್ಯವನ್ನು ನಮಸ್ಕಾರದಲ್ಲಿ, ಹಳೆಯ ಸಂಬಂಧದ ನೆನಪಿನಲ್ಲಿ, ಕಾರಣ ಕೇಳುವ ಧಾಟಿಯಲ್ಲಿ ತೋರಿಸಿ. ದಿನಾಂಕದ ವಿಷಯದಲ್ಲಿ ತೋರಿಸಬೇಡಿ.

ಪತ್ರ ಹೀಗಿರಲಿ

ಈ ಎರಡು ಸೂತ್ರ ಇಟ್ಟುಕೊಂಡು ಮೇಲಿನ ಸಂದೇಶವನ್ನು ಹೊಸದಾಗಿ ಬರೆದರೆ ಹೀಗಾಗುತ್ತದೆ:

ದಿನಾಂಕ: ಮೇ 6
ವಿಷಯ: ಏಪ್ರಿಲ್ 6ರ ಆರ್ಡರ್ ಸಂಖ್ಯೆ 17, ಬಾಕಿ 1,000 ಮೀಟರ್ ಚೆಕ್ಸ್ ಬಟ್ಟೆ

ಮಾನ್ಯರೇ,

ನಮಸ್ಕಾರ. ಕೆಲವು ವರ್ಷಗಳಿಂದ ಸಮವಸ್ತ್ರದ ಬಟ್ಟೆಯನ್ನು ನಿಮ್ಮಲ್ಲೇ ಕೊಳ್ಳುತ್ತಿದ್ದೇವೆ. ಬಟ್ಟೆಯ ಗುಣದ ಬಗ್ಗೆ ಶಾಲೆಗಳಿಂದ ದೂರು ಬಂದಿಲ್ಲ.

ಮೇಲಿನ ಆರ್ಡರಿನ 1,500 ಮೀಟರ್ ಏಪ್ರಿಲ್ 28ರೊಳಗೆ ದಾವಣಗೆರೆಗೆ ತಲುಪಬೇಕೆಂದು ಒಪ್ಪಂದವಾಗಿತ್ತು. ಅಡ್ವಾನ್ಸ್ 54,000 ರೂಪಾಯಿ ಏಪ್ರಿಲ್ 8ರಂದು ಸಂದಾಯವಾಗಿದೆ. ಮೇ 2ರಂದು 500 ಮೀಟರ್ ಬಂದಿದೆ. 1,000 ಮೀಟರ್ ಇನ್ನೂ ಬಂದಿಲ್ಲ. ಮೇ 4 ಮತ್ತು 5ರಂದು ಮಾಡಿದ ಕರೆಗಳಿಗೆ ಉತ್ತರ ಸಿಗಲಿಲ್ಲ.

ಆರ್ಡರಿನಲ್ಲಿ ತಿಳಿಸಿದ್ದಂತೆ ಈ ಅಂಗಿಗಳನ್ನು ಮೇ 27ಕ್ಕೆ ಶಾಲೆಗೆ ಒಪ್ಪಿಸಬೇಕಿದೆ. ಕೈಯಲ್ಲಿರುವ ಬಟ್ಟೆ ಮೇ 11ರ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಆದ್ದರಿಂದ 500 ಮೀಟರ್ ಮೇ 9ರ ಶನಿವಾರದೊಳಗೆ, ಉಳಿದ 500 ಮೀಟರ್ ಮೇ 16ರ ಶನಿವಾರದೊಳಗೆ ನಮ್ಮ ಘಟಕಕ್ಕೆ ತಲುಪಬೇಕು. ಶೇಡ್ ಮೊದಲು ಬಂದ ತಾನುಗಳಿಗೆ ಹೊಂದಬೇಕು.

ಬಾಕಿ ಬಟ್ಟೆ ಈಗ ನಿಮ್ಮ ಗೋದಾಮಿನಲ್ಲಿದೆಯೇ, ಮಿಲ್ಲಿನಲ್ಲಿದೆಯೇ, ಲಾರಿ ಆಫೀಸಿನಲ್ಲಿದೆಯೇ ಎಂಬುದನ್ನು ಮತ್ತು ಮೇಲಿನ ಎರಡು ದಿನಾಂಕಗಳು ಸಾಧ್ಯವೇ ಎಂಬುದನ್ನು ಮೇ 7ರ ಸಂಜೆ 5 ಗಂಟೆಯೊಳಗೆ ಬರಹದಲ್ಲಿ ತಿಳಿಸಿ. ಸಾಧ್ಯವಿಲ್ಲದಿದ್ದರೆ ಅದನ್ನೂ ಈಗಲೇ ಹೇಳಿದರೆ ಉಪಕಾರವಾಗುತ್ತದೆ. ದಾರಿ ಹುಡುಕಲು ಇಬ್ಬರಿಗೂ ಸಮಯವಿರುತ್ತದೆ.

ಮೇ 9ರೊಳಗೆ ಮೊದಲ 500 ಮೀಟರ್ ಬಾರದಿದ್ದರೆ ಆ ಭಾಗವನ್ನು ಆರ್ಡರಿನಿಂದ ತೆಗೆದು, ಅದೇ ಮಿಲ್ಲಿನ ಅದೇ ಡಿಸೈನಿನ ಬಟ್ಟೆಯನ್ನು ಬೇರೆ ಕಡೆ ಕೊಳ್ಳುತ್ತೇವೆ. ಬೆಲೆಯಲ್ಲಿ ಬರುವ ಹೆಚ್ಚಳವನ್ನು ನಿಮ್ಮಿಂದ ಕೇಳಬೇಕಾಗುತ್ತದೆ. ತಡವಾಗಿ ಬಂದ ಮಾಲನ್ನು ಸ್ವೀಕರಿಸಿದರೂ, ತಡದಿಂದ ಆದ ನಷ್ಟವನ್ನು ಕೇಳುವ ನಮ್ಮ ಹಕ್ಕು ಉಳಿದಿರುತ್ತದೆ.

ಬಂದಿರುವ 500 ಮೀಟರಿನ ಲೆಕ್ಕವನ್ನು ಒಪ್ಪಿದ ದಿನಕ್ಕೆ ಚುಕ್ತಾ ಮಾಡುತ್ತೇವೆ. ನಿಮ್ಮ ಉತ್ತರಕ್ಕೆ ಕಾಯುತ್ತೇವೆ.

ವಂದನೆಗಳೊಂದಿಗೆ,

ಒಂದೇ ಪುಟದ ಈ ಪತ್ರದಲ್ಲಿ ಒಂದು ಗಡಸು ಪದವೂ ಇಲ್ಲ. ಆದರೆ ಸಿಟ್ಟಿನ ಸಂದೇಶದಲ್ಲಿ ಇಲ್ಲದ್ದೆಲ್ಲ ಇದರಲ್ಲಿದೆ. ಬಟ್ಟೆ ಎಲ್ಲಿದೆ ಎಂಬ ಪ್ರಶ್ನೆಯನ್ನು ಗಮನಿಸಿ. "ಯಾಕೆ ತಡ?" ಎಂದು ಕೇಳಿದರೆ ಕಥೆ ಬರುತ್ತದೆ. "ಎಲ್ಲಿದೆ?" ಎಂದು ಕೇಳಿದರೆ ಮಾಹಿತಿ ಬರುತ್ತದೆ, ಮುಂದಿನ ಹೆಜ್ಜೆಯನ್ನು ಆ ಮಾಹಿತಿಯೇ ತೀರ್ಮಾನಿಸುತ್ತದೆ. ಗೋದಾಮಿನಲ್ಲಿದ್ದರೆ ಇವತ್ತು ರಾತ್ರಿಯ ಬಸ್ಸಿಗೆ ಪಾರ್ಸೆಲ್ ಹಾಕಿಸಬಹುದು. ಲಾರಿ ಆಫೀಸಿನಲ್ಲಿದ್ದರೆ ಎಲ್‌ಆರ್ ಸಂಖ್ಯೆ ಪಡೆದು ನೀವೇ ವಿಚಾರಿಸಬಹುದು. ಮಿಲ್ಲಿನಲ್ಲಿ ಇನ್ನೂ ಬಣ್ಣವೇ ಆಗಿಲ್ಲವೆಂದರೆ ಎಷ್ಟು ಗದರಿದರೂ 9ಕ್ಕೆ ಬರುವುದಿಲ್ಲ, ಬೇರೆ ಅಂಗಡಿ ನೋಡುವುದೇ ಸರಿ.

ಎಚ್ಚರಿಕೆಯ ಮಾತನ್ನೂ ಗಮನಿಸಿ. ಕೋರ್ಟಿನ ಪ್ರಸ್ತಾಪವಿಲ್ಲ. ಬೇರೆ ಕಡೆ ಕೊಳ್ಳುತ್ತೇವೆ ಎಂಬ ಮಾತಿದೆ, ಅದು ಸೋಮವಾರ ಬೆಳಿಗ್ಗೆಯೇ ಮಾಡಬಹುದಾದ ಕೆಲಸ. ಆದರೆ ಈ ಸಾಲು ಬರೆಯುವ ಮೊದಲು ಇನ್ನೊಬ್ಬ ವ್ಯಾಪಾರಿಗೆ ಫೋನ್ ಮಾಡಿ, ಅದೇ ಡಿಸೈನ್ ನಂಬರ್ ಇದೆಯೇ, ಬೆಲೆ ಎಷ್ಟು ಎಂದು ಕೇಳಿರಬೇಕು, ಆ ದರವನ್ನು ಬರಹದಲ್ಲಿ ತರಿಸಿಕೊಂಡಿರಬೇಕು. ಮೀಟರಿಗೆ 12 ರೂಪಾಯಿ ಹೆಚ್ಚೆಂದಾದರೆ 500 ಮೀಟರಿಗೆ 6,000 ರೂಪಾಯಿ. ನಾಳೆ ನೀವು ಕೇಳುವ ಮೊತ್ತ ಇದು, ಅದಕ್ಕೆ ಆಧಾರ ಆ ದರಪಟ್ಟಿ. ಸಮವಸ್ತ್ರದಲ್ಲಿ ಒಂದು ಮಿತಿಯೂ ಇದೆ: ಶೇಡ್ ಸ್ವಲ್ಪ ಬದಲಾದರೂ ಶಾಲೆ ಒಪ್ಪುವುದಿಲ್ಲ. ಮಾದರಿ ತುಂಡು ತರಿಸಿ ಹೋಲಿಸಿ ನೋಡದೆ ಬೇರೆ ಕಡೆ ಕೊಳ್ಳುವ ಎಚ್ಚರಿಕೆ ಕೊಡಬೇಡಿ.

ಆ ಒಂದು ಸಾಲು ಯಾಕೆ ಬೇಕು

ತಡವಾದ ಮಾಲನ್ನು ಸ್ವೀಕರಿಸಿದರೂ ಹಕ್ಕು ಉಳಿದಿರುತ್ತದೆ ಎಂಬ ಸಾಲು ಅಲಂಕಾರಕ್ಕೆ ಬಂದದ್ದಲ್ಲ. 1872ರ ಭಾರತೀಯ ಕರಾರು ಕಾಯಿದೆಯ 55ನೇ ಕಲಮು ಇದನ್ನೇ ಹೇಳುತ್ತದೆ. ಸಮಯವೇ ಮುಖ್ಯವೆಂದು ಮಾಡಿಕೊಂಡ ಕರಾರಿನಲ್ಲಿ ಎದುರಿನವರು ಗಡುವು ತಪ್ಪಿದರೆ ಕರಾರನ್ನು ರದ್ದುಮಾಡುವ ಅವಕಾಶ ನಿಮಗಿದೆ. ರದ್ದುಮಾಡದೆ ತಡವಾದ ಮಾಲನ್ನೇ ತೆಗೆದುಕೊಂಡರೆ, ತಡಕ್ಕಾಗಿ ಪರಿಹಾರ ಕೇಳುವ ಉದ್ದೇಶವನ್ನು ಸ್ವೀಕರಿಸುವ ಹೊತ್ತಿಗೇ ತಿಳಿಸಿರಬೇಕು. ಸುಮ್ಮನೆ ಇಳಿಸಿಕೊಂಡು ತಿಂಗಳಾದ ಮೇಲೆ ಕೇಳಿದರೆ ನಡೆಯುವುದಿಲ್ಲ.

ಆದ್ದರಿಂದ ಮೇ 2ರಂದು 500 ಮೀಟರ್ ಇಳಿಸಿಕೊಂಡಾಗಲೇ ಡೆಲಿವರಿ ಚಲನ್ನಿನ ಮೇಲೆ ಹೀಗೆ ಬರೆದು ಸಹಿ ಹಾಕಿರಬೇಕು: "ಏಪ್ರಿಲ್ 28ಕ್ಕೆ ಬರಬೇಕಿದ್ದ ಮಾಲು ಮೇ 2ರಂದು ಬಂದಿದೆ. 1,500ರಲ್ಲಿ 500 ಮೀಟರ್ ಮಾತ್ರ. ನಷ್ಟ ಕೇಳುವ ಹಕ್ಕನ್ನು ಉಳಿಸಿಕೊಂಡು ಸ್ವೀಕರಿಸಲಾಗಿದೆ." ಎರಡೂ ಪ್ರತಿಗಳ ಮೇಲೆ ಬರೆದು, ನಿಮ್ಮ ಪ್ರತಿಯ ಫೋಟೋ ತೆಗೆದು ಅದೇ ದಿನ ವ್ಯಾಪಾರಿಗೆ ಕಳಿಸಿ. ಲಾರಿ ಚಾಲಕನ ಮುಂದೆ ನಿಂತು ಬರೆಯುವುದು ಕೆಲವರಿಗೆ ಮುಜುಗರ. ಆದರೆ ಇದರಲ್ಲಿ ಯಾರ ಮೇಲೂ ಆರೋಪವಿಲ್ಲ, ನಡೆದದ್ದರ ಟಿಪ್ಪಣಿ ಮಾತ್ರ.

"ಆರ್ಡರಿನಲ್ಲಿ ತಿಳಿಸಿದ್ದಂತೆ" ಎಂಬ ಮಾತಿಗೂ ಒಂದು ಹಳೆಯ ಕಾರಣವಿದೆ. ಇಂಗ್ಲೆಂಡಿನ ಗ್ಲೌಸ್ಟರಿನಲ್ಲಿ ಒಂದು ಹಿಟ್ಟಿನ ಗಿರಣಿಯ ಯಂತ್ರದ ಕ್ರ್ಯಾಂಕ್ ಶಾಫ್ಟ್ ಮುರಿಯಿತು. ಅದೇ ಅಳತೆಯ ಹೊಸದನ್ನು ಮಾಡಿಸಲು ಮುರಿದದ್ದನ್ನು ಗ್ರೀನಿಚ್‌ನ ತಯಾರಕರಿಗೆ ಕಳಿಸಬೇಕಿತ್ತು. ಸಾಗಿಸುವ ಕಂಪನಿ ತಡಮಾಡಿತು, ಅಷ್ಟು ದಿನ ಗಿರಣಿ ನಿಂತಿತು. ನಿಂತ ದಿನಗಳ ಲಾಭ ಕೊಡಿಸಬೇಕೆಂದು ಮಾಲೀಕರು ನ್ಯಾಯಾಲಯಕ್ಕೆ ಹೋದರು. 1854ರಲ್ಲಿ ಬಂದ ಹ್ಯಾಡ್ಲಿ ಮತ್ತು ಬ್ಯಾಕ್ಸೆಂಡೇಲ್ ಪ್ರಕರಣದ ಆ ತೀರ್ಪು ಮಾಲೀಕರ ಪರವಾಗಿರಲಿಲ್ಲ. ಶಾಫ್ಟ್ ಬರುವವರೆಗೆ ಗಿರಣಿ ಓಡುವುದೇ ಇಲ್ಲ ಎಂಬ ವಿಶೇಷ ಪರಿಸ್ಥಿತಿ ಸಾಗಿಸುವವರಿಗೆ ಗೊತ್ತಿದ್ದರೆ ಮಾತ್ರ ಆ ನಷ್ಟ ಅವರ ಮೇಲೆ ಬರುತ್ತಿತ್ತು ಎಂದಿತು ನ್ಯಾಯಾಲಯ. ನಮ್ಮ ಕರಾರು ಕಾಯಿದೆಯ 73ನೇ ಕಲಮಿನಲ್ಲಿರುವುದೂ ಇದೇ ತತ್ವ. ಸಹಜವಾಗಿ ಆಗುವ ನಷ್ಟವನ್ನು ಕೇಳಬಹುದು. ವಿಶೇಷ ನಷ್ಟವನ್ನು ಕೇಳಬೇಕಾದರೆ ಕರಾರು ಮಾಡುವಾಗಲೇ ಅದು ಎರಡೂ ಕಡೆಯವರಿಗೆ ಗೊತ್ತಿರಬೇಕು.

ಹಾಗಾಗಿ ಒಳ್ಳೆಯ ದೂರಿನ ಪತ್ರ ಆರ್ಡರ್ ಬರೆಯುವ ದಿನವೇ ಶುರುವಾಗುತ್ತದೆ. ಆರ್ಡರ್ ಹಾಳೆಯಲ್ಲಿ "ಈ ಬಟ್ಟೆಯಿಂದ ಹೊಲಿದ ಅಂಗಿಗಳನ್ನು ಮೇ 27ಕ್ಕೆ ಶಾಲೆಗೆ ಒಪ್ಪಿಸಬೇಕು, ಏಪ್ರಿಲ್ 28ರ ಗಡುವು ಈ ಕರಾರಿನ ಮುಖ್ಯ ಷರತ್ತು" ಎಂದು ಒಂದು ಸಾಲು ಇದ್ದರೆ ಮೇ 6ರ ಪತ್ರ ಅದರ ಮೇಲೆ ನಿಲ್ಲುತ್ತದೆ. ಆ ಸಾಲು ಇಲ್ಲದಿದ್ದರೆ ಪತ್ರ ಬರೆಯಬಾರದೆಂದೇನಿಲ್ಲ, ಆದರೆ ಆಗ ರದ್ದುಮಾಡುವ ಮಾತಿಗಿಂತ ಹೊಸ ಗಡುವು ಕೊಡುವ ಮಾತು ಮೊದಲು ಬರಬೇಕು.

ಫೋನಿನ ಮಾತು ಕಾಗದಕ್ಕೆ

ಇಷ್ಟು ಬರೆದ ಮೇಲೂ ವ್ಯಾಪಾರಿ ಬರಹದಲ್ಲಿ ಉತ್ತರಿಸುವುದು ಅಪರೂಪ. ಅವನು ಫೋನ್ ಮಾಡುತ್ತಾನೆ. ಮಾಡಲಿ, ಒಳ್ಳೆಯದೇ. ಫೋನಿನಲ್ಲಿ ಮನಸ್ಸು ತಿಳಿಯಾಗುತ್ತದೆ, ಸತ್ಯ ಹೊರಗೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಮೇ 7ರ ಬೆಳಿಗ್ಗೆ ಮಾತು ಹೀಗೆ ನಡೆಯಿತು ಎಂದುಕೊಳ್ಳಿ:

"ಮೇಡಂ, ಐನೂರು ಮೀಟರ್ ಗೋದಾಮಲ್ಲೇ ಇದೆ, ನಾಳೆ ಹಾಕ್ತೀನಿ. ಇನ್ನೈನೂರು ಮಿಲ್ಲಿಂದ ಬರಬೇಕು. ಹದಿನಾರು ಕಷ್ಟ, ಹದಿನೆಂಟಕ್ಕೆ ಖಂಡಿತ."

"ನಿಜ ಹೇಳಿದ್ದಕ್ಕೆ ಉಪಕಾರ ಆಯ್ತು ಸಾರ್. ಹದಿನೆಂಟಾದ್ರೆ ಅವತ್ತು ರಾತ್ರಿ ಕಟಿಂಗ್ ಮಾಸ್ಟರನ್ನ ಕೂರಿಸ್ಬೇಕು, ಓವರ್‌ಟೈಮ್ ಬೀಳುತ್ತೆ. ಅದನ್ನ ಯಾರು ನೋಡ್ಕೋತಾರೆ?"

"ಅದನ್ನ ಬಿಲ್ಲಲ್ಲಿ ಕಳೆದುಬಿಡಿ, ಏನ್ಮಾಡಕ್ಕಾಗುತ್ತೆ."

ಬೈಗುಳದ ಸಂದೇಶಕ್ಕೆ ಈ ಉತ್ತರ ಬರುತ್ತಿರಲಿಲ್ಲ. ಆದರೆ ಫೋನ್ ಇಟ್ಟ ಮೇಲೆ ಇದು ಗಾಳಿಯಲ್ಲಿರುವ ಮಾತು. ಹದಿನೈದು ನಿಮಿಷದೊಳಗೆ ಅದನ್ನು ಬರಹಕ್ಕೆ ಇಳಿಸಬೇಕು. ವಾಟ್ಸ್ಯಾಪ್‌ನಲ್ಲೂ ಇಮೇಲ್‌ನಲ್ಲೂ ಒಂದೇ ಒಕ್ಕಣೆ ಸಾಕು:

"ಸಾರ್, ಈಗ 11 ಗಂಟೆಗೆ ಮಾತಾಡಿದಂತೆ: ಆರ್ಡರ್ 17ರ 500 ಮೀಟರ್ ನಾಳೆ, ಮೇ 8ರಂದು ಬಸ್ ಪಾರ್ಸೆಲ್‌ನಲ್ಲಿ ಹೊರಟು ಮೇ 9ಕ್ಕೆ ತಲುಪುತ್ತದೆ. ಕೊನೆಯ 500 ಮೀಟರ್ ಮೇ 18ರ ಸೋಮವಾರ ಮಧ್ಯಾಹ್ನದೊಳಗೆ ತಲುಪುತ್ತದೆ. 18ರ ರಾತ್ರಿಯ ಕಟಿಂಗ್ ಓವರ್‌ಟೈಮ್ ಖರ್ಚನ್ನು ನಿಮ್ಮ ಬಿಲ್ಲಿನಲ್ಲಿ ಕಳೆಯುವುದಕ್ಕೆ ಒಪ್ಪಿದ್ದೀರಿ. 16ರಿಂದ 18ರವರೆಗಿನ ಸಮಯ ಈ ಕೊನೆಯ ಕಂತಿಗೆ ಮಾತ್ರ. ಮೇ 6ರ ಪತ್ರದ ಉಳಿದ ಮಾತುಗಳು ಹಾಗೆಯೇ ಇವೆ. ಇದರಲ್ಲಿ ತಪ್ಪಿದ್ದರೆ ಇವತ್ತೇ ತಿಳಿಸಿ, ಸರಿಯಿದ್ದರೆ ಒಂದು 'ಸರಿ' ಹಾಕಿ. ಧನ್ಯವಾದ."

ಇಲ್ಲಿ ಎರಡು ದಿನ ಬಿಟ್ಟುಕೊಟ್ಟಿದ್ದಾರೆ. ಆದರೆ ಯಾವ ಕಂತಿಗೆ, ಎಲ್ಲಿಯವರೆಗೆ, ಯಾವ ಬೆಲೆಗೆ ಎಂಬುದೂ ಅಲ್ಲೇ ಇದೆ. ಸಮಯ ವಿಸ್ತರಿಸುವ ಅಧಿಕಾರವನ್ನು ಕರಾರು ಕಾಯಿದೆಯೇ ಕೊಳ್ಳುವವರಿಗೆ ಕೊಟ್ಟಿದೆ. ಅಳತೆಯಿಟ್ಟು ಕೊಟ್ಟ ಸಮಯ ದೌರ್ಬಲ್ಯವಲ್ಲ.

ದಾಖಲೆಯ ಬಗ್ಗೆ ಕೆಲವು ಪ್ರಾಯೋಗಿಕ ಮಾತು. ಧ್ವನಿ ಸಂದೇಶ ಕಳಿಸಿದರೂ ಅದರ ಸಾರವನ್ನು ಅಕ್ಷರದಲ್ಲಿ ಇನ್ನೊಮ್ಮೆ ಕಳಿಸಿ. ಆರು ತಿಂಗಳ ಮೇಲೆ ಧ್ವನಿಯಲ್ಲಿ ದಿನಾಂಕ ಹುಡುಕುವುದು ಪ್ರಯಾಸ. ಆ ಸಂಭಾಷಣೆಯಲ್ಲಿ ಸಂದೇಶ ತಾನಾಗಿ ಅಳಿಯುವ ಸೌಲಭ್ಯ ಚಾಲೂ ಇದೆಯೇ ಎಂದು ನೋಡಿ, ಇದ್ದರೆ ನಿಲ್ಲಿಸಿ. ವ್ಯವಹಾರ ಮುಗಿಯುವವರೆಗೆ ಮೂಲ ಸಂದೇಶವಿರುವ ಫೋನನ್ನು ಮಾರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಮುದ್ರಿತ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಅದರ ಜೊತೆ ನಿಗದಿತ ಪ್ರಮಾಣಪತ್ರ ಬೇಕಾಗುತ್ತದೆ. ಬರೀ ಸ್ಕ್ರೀನ್‌ಶಾಟ್ ನಂಬಿ ಕೂರಬೇಡಿ. ಹೆಚ್ಚಿನ ತಗಾದೆಗಳು ಅಲ್ಲಿಯವರೆಗೆ ಹೋಗುವುದಿಲ್ಲ. ಆರ್ಡರ್, ಅಡ್ವಾನ್ಸಿನ ಬ್ಯಾಂಕ್ ರಸೀದಿ, ಚಲನ್, ಪತ್ರ, ಫೋನಿನ ನಂತರದ ಸಂದೇಶ, ಇಷ್ಟನ್ನು ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿಟ್ಟರೆ ಕಾಗದದ ಕೆಲಸ ಮುಗಿಯಿತು. ಹಾಗೆಯೇ, ದೂರು ಆ ಒಬ್ಬ ವ್ಯಾಪಾರಿಗೆ ಮಾತ್ರ ಹೋಗಲಿ. ವ್ಯಾಪಾರಿಗಳ ವಾಟ್ಸ್ಯಾಪ್ ಗುಂಪಿಗೆ ಹಾಕಿದರೆ ಅವನು ಬಟ್ಟೆ ಹೊಂದಿಸುವುದು ಬಿಟ್ಟು ಮಾನ ಉಳಿಸಿಕೊಳ್ಳಲು ಹೊರಡುತ್ತಾನೆ.

ಆದರೂ ಬಾರದಿದ್ದರೆ

ಮೇ 9ರ ಸಂಜೆ ಕಳೆದರೂ ಬಟ್ಟೆ ಬಂದಿಲ್ಲ ಎಂದಾದರೆ ಎರಡನೆಯ ಪತ್ರ ಅದೇ ರಾತ್ರಿ ಹೋಗಬೇಕು. ಅದು ಇನ್ನೂ ಚಿಕ್ಕದು: ಮೇ 6ರ ಪತ್ರದಲ್ಲಿ ತಿಳಿಸಿದ್ದಂತೆ 500 ಮೀಟರನ್ನು ಆರ್ಡರಿನಿಂದ ತೆಗೆಯಲಾಗಿದೆ, ಸೋಮವಾರ ಬೇರೆ ಕಡೆ ಕೊಳ್ಳುತ್ತಿದ್ದೇವೆ, ಬಿಲ್ಲಿನ ಪ್ರತಿ ಕಳಿಸುತ್ತೇವೆ. ಸ್ವರ ಏರಬೇಕಾಗಿಲ್ಲ, ಹೇಳಿದ್ದನ್ನು ಮಾಡಿದರೆ ಸಾಕು. ಸೋಮವಾರ ಕೊಳ್ಳುವುದೆಂದರೆ ಹೊಲಿಗೆ ಒಂದೆರಡು ದಿನ ನಿಲ್ಲುತ್ತದೆ, ಅದನ್ನು ಓವರ್‌ಟೈಮಿನಲ್ಲಿ ತುಂಬಬೇಕಾಗುತ್ತದೆ. ಆ ಖರ್ಚಿನ ರಸೀದಿಯೂ ಫೈಲಿಗೆ ಸೇರಲಿ. ಆಗಿರುವ ನಷ್ಟವನ್ನು ಕಡಿಮೆ ಮಾಡಲು ನೀವು ಪ್ರಯತ್ನಿಸಿದ್ದೀರಿ ಎಂಬುದೂ ಮುಂದೆ ಲೆಕ್ಕಕ್ಕೆ ಬರುತ್ತದೆ. ಯಂತ್ರ ನಿಲ್ಲಿಸಿಕೊಂಡು ಕೂತು ಪೂರ್ತಿ ನಷ್ಟ ಕೇಳಿದರೆ ಕಾಯಿದೆ ನಿಮ್ಮ ಕಡೆ ನಿಲ್ಲುವುದಿಲ್ಲ. ಇಷ್ಟಾದ ಮೇಲೂ ಅಡ್ವಾನ್ಸ್ ಅಥವಾ ವ್ಯತ್ಯಾಸದ ಹಣ ಹೊಂದಾಣಿಕೆಯಾಗದಿದ್ದರೆ ಮೂರನೆಯದು ವಕೀಲರ ನೋಟಿಸು. ಮೊದಲ ಎರಡು ಪತ್ರಗಳು ಸರಿಯಾಗಿದ್ದರೆ ವಕೀಲರಿಗೆ ಹೊಸದಾಗಿ ಹೇಳುವುದೇನೂ ಇರುವುದಿಲ್ಲ.

ಒಂದು ತಪ್ಪಿನಿಂದ ಮಾತ್ರ ದೂರವಿರಬೇಕು. ತಡವಾಯಿತೆಂಬ ಸಿಟ್ಟಿಗೆ, ಬಂದು ಹೊಲಿದಾಗಿರುವ 500 ಮೀಟರಿನ ಹಣವನ್ನೂ ತಡೆಹಿಡಿಯುವುದು. ಬಟ್ಟೆ ಕೊಟ್ಟವರು ಸ್ವತಃ ನೇಯುವ, ಉದ್ಯಮ್ ನೋಂದಣಿಯಿರುವ ಸೂಕ್ಷ್ಮ ಅಥವಾ ಸಣ್ಣ ಘಟಕವಾಗಿದ್ದರೆ 2006ರ ಎಂಎಸ್‌ಎಂಇಡಿ ಕಾಯಿದೆಯಂತೆ ಹಣವನ್ನು ಒಪ್ಪಿದ ಅವಧಿಯಲ್ಲಿ, ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಬಂದ ಮಾಲಿನ ಬಗ್ಗೆ ತಕರಾರಿದ್ದರೆ ಅದನ್ನು ತಲುಪಿದ 15 ದಿನದೊಳಗೆ ಬರಹದಲ್ಲಿ ತಿಳಿಸಬೇಕು. ಬರೀ ಕೊಂಡು ಮಾರುವ ವ್ಯಾಪಾರಿಗೆ ಈ ರಕ್ಷಣೆ ಇಲ್ಲ, ಆದರೂ ನಿಯಮ ಒಂದೇ ಇಟ್ಟುಕೊಳ್ಳುವುದು ಒಳ್ಳೆಯದು: ಒಪ್ಪಿದ ಕಳೆತವನ್ನು ಮಾತ್ರ ಕಳೆದು, ಉಳಿದದ್ದನ್ನು ದಿನಕ್ಕೆ ಸರಿಯಾಗಿ ಕೊಡಿ. ತನ್ನ ಮಾತು ತಪ್ಪದವರ ದೂರಿಗೆ ಬಲ ಹೆಚ್ಚು.

ಮುಂದಿನ ಸಲ ಮಾಲು ತಡವಾದಾಗ ಸಿಟ್ಟಿನ ಸಂದೇಶವನ್ನು ಬೇಕಿದ್ದರೆ ಪೂರ್ತಿ ಬರೆಯಿರಿ, ಆದರೆ ಕಳಿಸಬೇಡಿ. ಅದರಲ್ಲಿ ಎದುರಿನ ಮನುಷ್ಯನ ಬಗ್ಗೆ ಇರುವ ಪ್ರತಿ ಸಾಲನ್ನೂ ಹೊಡೆದುಹಾಕಿ. ಉಳಿದದ್ದಕ್ಕೆ ಆರ್ಡರ್ ಸಂಖ್ಯೆ, ಬಾಕಿ ಪ್ರಮಾಣ, ನಿಮಗೆ ನಿಜವಾಗಿ ಬೇಕಾದ ದಿನಾಂಕ, ಉತ್ತರಕ್ಕೆ ಗಡುವು, ಮಾಡಿಯೇ ತೀರುವ ಒಂದು ಕ್ರಮ, ಇಷ್ಟನ್ನು ಸೇರಿಸಿ. ಆಮೇಲೆ ಕಳಿಸಿ, ಪ್ರತಿಯನ್ನು ಇಟ್ಟುಕೊಳ್ಳಿ.